ಅರಿಸಿನದ ಪಟ್ಟಿ ಅಂಟಿಸಿದ ಕಾಗದ

ಸರ್ಕಾರಿ ಪ್ರಾಥಮಿಕ ಶಾಲೆಯಿಂದ ಮನೆಗೊಂದು ಕಾಗದ ಬಂತೆಂದರೆ ಮನೆಯವರ ಮನಸ್ಸಿಗೆ ಮೊದಲು ಬರುವುದು ಅನುಮಾನವೇ. ದುಡ್ಡು ಕೇಳಿದ್ದಾರಾ? ಹುಡುಗ ಏನಾದರೂ ತಂಟೆ ಮಾಡಿಕೊಂಡನಾ? ಆಧಾರ್ ಕಾರ್ಡಿನ ಜೆರಾಕ್ಸ್ ಮತ್ತೆ ಬೇಕಂತಾ? ಶಾಲೆ ಮತ್ತು ಮನೆಯ ನಡುವೆ ಓಡಾಡುವ ಕಾಗದಗಳು ಬಹುಪಾಲು ಈ ಮೂರರ ಬಗ್ಗೆಯೇ ಇರುವುದರಿಂದ ಅವರನ್ನು ದೂರುವಂತಿಲ್ಲ. ಶಾಲೆಯಲ್ಲಿ ವಿಜ್ಞಾನ ಚಟುವಟಿಕೆಯ ದಿನ ಮಾಡಿ ಮನೆಮಂದಿಯನ್ನೆಲ್ಲ ಕರೆಯಬೇಕೆಂದು ಹೊರಡುವ ಶಿಕ್ಷಕರ ಮೊದಲ ಕೆಲಸ ಈ ಅನುಮಾನವನ್ನು ಕಳೆಯುವುದು. ಅದಕ್ಕೆ ಅವರ ಕೈಯಲ್ಲಿರುವುದು ಒಂದೇ ಹಾಳೆ.

ಸಾಮಾನ್ಯವಾಗಿ ಆ ಹಾಳೆಯಲ್ಲಿ ಏನಿರುತ್ತದೆ ಎಂಬುದು ನಮಗೆಲ್ಲ ಗೊತ್ತು. ‘ಮಾನ್ಯ ಪೋಷಕರೇ, ನಮ್ಮ ಶಾಲೆಯಲ್ಲಿ ರಾಷ್ಟ್ರೀಯ ವಿಜ್ಞಾನ ದಿನಾಚರಣೆಯ ಅಂಗವಾಗಿ ವಿಜ್ಞಾನ ಚಟುವಟಿಕೆಗಳನ್ನು ಹಮ್ಮಿಕೊಳ್ಳಲಾಗಿದ್ದು, ಮಕ್ಕಳಲ್ಲಿ ವೈಜ್ಞಾನಿಕ ಮನೋಭಾವವನ್ನು ಬೆಳೆಸುವ ಉದ್ದೇಶದಿಂದ ಆಯೋಜಿಸಿರುವ ಸದರಿ ಕಾರ್ಯಕ್ರಮಕ್ಕೆ ತಾವು ತಪ್ಪದೇ ಹಾಜರಾಗಬೇಕಾಗಿ ಕೋರಲಾಗಿದೆ.’ ವಾಕ್ಯ ಮುಗಿಯುವ ಹೊತ್ತಿಗೆ ಓದುವ ತಾಯಿಗೆ ಉಸಿರು ಕಟ್ಟಿರುತ್ತದೆ. ಅಲ್ಲಿಗೆ ಹೋದರೆ ತಾನು ಏನು ಮಾಡಬೇಕು ಎಂಬುದು ಎಲ್ಲೂ ಇಲ್ಲ. ಹಾಜರಾಗಬೇಕು ಎಂದರೆ ಕುರ್ಚಿಯ ಮೇಲೆ ಕೂತು ಭಾಷಣ ಕೇಳಬೇಕು ಎಂದೇ ಅವಳು ತಿಳಿಯುತ್ತಾಳೆ. ಒಂದು ದಿನದ ಕೂಲಿ ಬಿಟ್ಟು ಭಾಷಣ ಕೇಳಲು ಯಾರು ಬರುತ್ತಾರೆ?

ಇದಕ್ಕೆ ನಾನು ಕಂಡುಕೊಂಡ ಪರಿಹಾರ ಸರಳವಾದದ್ದು. ಚಟುವಟಿಕೆ ಹೇಗಿರುತ್ತದೆ ಎಂದು ಕಾಗದದಲ್ಲಿ ವರ್ಣಿಸುವ ಬದಲು, ಮೊದಲ ಚಟುವಟಿಕೆಯನ್ನೇ ಕಾಗದದ ಜೊತೆ ಮನೆಗೆ ಕಳಿಸಿಬಿಡುವುದು. ಅರಿಸಿನ ಬಳಿದು ಒಣಗಿಸಿದ ಎರಡು ಪಟ್ಟಿಗಳನ್ನು ಕಾಗದದ ಕೆಳಗೆ ಅಂಟಿಸಿದರೆ ಸಾಕು. ಸಂಜೆ ಮಗು ಮನೆಗೆ ಬಂದು, ಸೋಪು ಹಚ್ಚಿದ ಒದ್ದೆ ಬೆರಳನ್ನು ಹಳದಿ ಪಟ್ಟಿಯ ಮೇಲೆ ಎಳೆದ ಕೂಡಲೇ ಅಲ್ಲೊಂದು ಕೆಂಪು ಗೆರೆ ಮೂಡುತ್ತದೆ. ಅದನ್ನು ನೋಡಿದವರಿಗೆ ಶನಿವಾರ ಶಾಲೆಯಲ್ಲಿ ಏನು ನಡೆಯುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಅರಿಸಿನವನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ನಮ್ಮ ಹೆಂಗಸರಿಗೆ ಈ ಪ್ರಯೋಗ ಶಾಲೆಗಿಂತ ಮೊದಲೇ ಗೊತ್ತು. ಆರತಿ ತಟ್ಟೆಯ ನೀರಿಗೆ ಅರಿಸಿನ ಕದಡಿ ಚಿಟಿಕೆ ಸುಣ್ಣ ಹಾಕಿದರೆ ಕೆಂಪು ನೀರಾಗುತ್ತದೆ. ಮನೆಯಲ್ಲೇ ಕುಂಕುಮ ಮಾಡುತ್ತಿದ್ದ ಕಾಲದಲ್ಲೂ ಅರಿಸಿನ ಕೆಂಪಾಗುತ್ತಿದ್ದದ್ದು ಇಂಥ ಕ್ಷಾರದ ವಸ್ತುಗಳು ಸೇರಿದಾಗಲೇ. ಸಾರು ಚೆಲ್ಲಿದ ಬಿಳಿ ಅಂಗಿಗೆ ಬಟ್ಟೆ ಸೋಪು ತಿಕ್ಕಿದರೆ ಹಳದಿ ಕಲೆ ಥಟ್ಟನೆ ಕೆಂಪಗಾಗಿ, ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿದ ಮೇಲೆ ಮಾಸುವುದನ್ನು ಬಟ್ಟೆ ಒಗೆಯುವ ಯಾರೂ ಕಂಡಿರುತ್ತಾರೆ. ‘ನಾನು ಓದಿಲ್ಲ, ವಿಜ್ಞಾನ ನನಗೇನು ಗೊತ್ತು’ ಎನ್ನುವ ಅಜ್ಜಿಯೂ ಈ ಮೇಜಿನ ಮುಂದೆ ಮಾತಾಡುತ್ತಾಳೆ. ಹಿರಿಯ ಪ್ರಾಥಮಿಕ ತರಗತಿಗಳ ವಿಜ್ಞಾನ ಪುಸ್ತಕದಲ್ಲೂ ಆಮ್ಲ ಮತ್ತು ಪ್ರತ್ಯಾಮ್ಲಗಳ ಪಾಠದಲ್ಲಿ ಇದೇ ಅರಿಸಿನದ ಪಟ್ಟಿ ಬರುತ್ತದೆ. ಅಜ್ಜಿಗೆ ಗೊತ್ತಿರುವುದು ಮತ್ತು ಮೊಮ್ಮಗಳು ಮುಂದೆ ಓದಲಿರುವುದು ಎರಡೂ ಒಂದೇ ಪಟ್ಟಿಯಲ್ಲಿ ಸೇರುವುದು ಅಪರೂಪ.

ಬಣ್ಣ ಬದಲಾಗುವುದು ಏಕೆಂಬುದನ್ನೂ ಹೇಳಿಬಿಡುತ್ತೇನೆ. ಅರಿಸಿನಕ್ಕೆ ಹಳದಿ ಬಣ್ಣ ಕೊಡುವ ವಸ್ತುವಿನ ಹೆಸರು ಕರ್ಕ್ಯುಮಿನ್. ಅದನ್ನು ಅರಿಸಿನದಿಂದ ಮೊದಲು ಬೇರ್ಪಡಿಸಿದ್ದು 1815ರಲ್ಲಿ. ಸೋಪು, ಸುಣ್ಣ, ಬೂದಿ ನೀರುಗಳಂಥ ಕ್ಷಾರದ ದ್ರವ ತಾಗಿದಾಗ ಕರ್ಕ್ಯುಮಿನ್ ಅಣುವಿನಿಂದ ಹೈಡ್ರೋಜನ್ನಿನ ಒಂದು ಕಣ ಕಳಚಿಕೊಳ್ಳುತ್ತದೆ. ಹಾಗೆ ಬದಲಾದ ಅಣು ಬೆಳಕನ್ನು ಹೀರುವ ರೀತಿಯೂ ಬದಲಾಗಿ ನಮ್ಮ ಕಣ್ಣಿಗೆ ಕೆಂಪಾಗಿ ಕಾಣುತ್ತದೆ. ನಿಂಬೆರಸದಲ್ಲಿರುವ ಆಮ್ಲ ಆ ಕಣವನ್ನು ಮರಳಿಸುತ್ತದೆ, ಪಟ್ಟಿ ಮತ್ತೆ ಹಳದಿಯಾಗುತ್ತದೆ. ಆದರೆ ಶುರುವಿನಲ್ಲೇ ಹಳದಿ ಪಟ್ಟಿಗೆ ನಿಂಬೆರಸ ಹಾಕಿದರೆ ಏನೂ ಆಗುವುದಿಲ್ಲ, ಬರಿಯ ನೀರಿಗೂ ಉಪ್ಪು ನೀರಿಗೂ ಆಗುವುದಿಲ್ಲ. ಅಂದರೆ ಈ ಪಟ್ಟಿಗೆ ಕ್ಷಾರವನ್ನು ಗುರುತಿಸುವುದು ಮಾತ್ರ ಗೊತ್ತು; ನಿಂಬೆರಸಕ್ಕೂ ನೀರಿಗೂ ಇರುವ ವ್ಯತ್ಯಾಸವನ್ನು ಅದು ಹೇಳಲಾರದು. ಈ ಮಿತಿಯನ್ನು ಮಕ್ಕಳು ತಾವಾಗಿ ಕಂಡುಹಿಡಿದರೆ ಇನ್ನೂ ಒಳ್ಳೆಯದು. ಕಾಗದದಲ್ಲಂತೂ ಇದನ್ನು ಬರೆಯಬಾರದು.

ಪಟ್ಟಿ ಮಾಡುವುದಕ್ಕೆ ಒಂದು ಮಧ್ಯಾಹ್ನ ಸಾಕು. ಒಂದು ಶಾಲೆಯನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ: ಒಂದರಿಂದ ಐದನೇ ತರಗತಿ, 48 ಮಕ್ಕಳು, ಇಬ್ಬರು ಶಿಕ್ಷಕರು. ನಮ್ಮ ಹಳ್ಳಿಗಳಲ್ಲಿ ಇಂಥ ಕಿರಿಯ ಪ್ರಾಥಮಿಕ ಶಾಲೆಗಳೇ ಹೆಚ್ಚು ಕಾಣುತ್ತವೆ. ಅಣ್ಣತಂಗಿಯರು ಒಂದೇ ಶಾಲೆಗೆ ಬರುವುದರಿಂದ ಮನೆಗಳ ಲೆಕ್ಕ ಸುಮಾರು 36 ಆದೀತು. ಆದರೂ ಕಾಗದ ಮನೆಗೊಂದಲ್ಲ, ಮಗುವಿಗೊಂದು ಹೋಗಬೇಕು. ಅಣ್ಣನ ಕೈಯಲ್ಲಿ ಪಟ್ಟಿಯಿದ್ದು ತಂಗಿಯ ಕೈ ಖಾಲಿ ಇದ್ದರೆ ಆ ಸಂಜೆ ಮನೆಯಲ್ಲಿ ಪ್ರಯೋಗ ನಡೆಯುವುದಿಲ್ಲ, ಜಗಳ ನಡೆಯುತ್ತದೆ. ಒಂದು ಎ4 ಹಾಳೆಯಿಂದ ಎರಡು ಸೆಂಟಿಮೀಟರ್ ಅಗಲ, ಏಳು ಸೆಂಟಿಮೀಟರ್ ಉದ್ದದ 42 ಪಟ್ಟಿಗಳು ಬರುತ್ತವೆ. 48 ಮಕ್ಕಳಿಗೆ ಎರಡೆರಡರಂತೆ 96 ಪಟ್ಟಿ ಬೇಕು, ಮೂರು ಹಾಳೆಯಲ್ಲಿ ಮುಗಿದು ಒಂದಷ್ಟು ಮಿಗುತ್ತವೆ. ಮಿಕ್ಕವನ್ನು ಕಾರ್ಯಕ್ರಮದ ದಿನಕ್ಕೆ ಎತ್ತಿಡಬೇಕು.

ಎರಡು ಟೀ ಚಮಚ ಅರಿಸಿನ ಪುಡಿಗೆ ಸ್ವಲ್ಪ ಸ್ವಲ್ಪವೇ ನೀರು ಸೇರಿಸುತ್ತಾ ದೋಸೆ ಹಿಟ್ಟಿನ ಹದಕ್ಕಿಂತ ತೆಳ್ಳಗೆ ಕಲಸಿ, ಹತ್ತಿಯಿಂದ ಹಾಳೆಯ ಒಂದು ಮೈಗೆ ಬಳಿಯಬೇಕು. ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಹಾಗಾಗಿ ಬಣ್ಣ ಅಲ್ಲಲ್ಲಿ ದಟ್ಟವಾಗಿ ಅಲ್ಲಲ್ಲಿ ತೆಳುವಾಗಿ ಕೂರುತ್ತದೆ. ನೀರಿನ ಬದಲು ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಬಳಸಿದರೆ ಎಲ್ಲ ಕಡೆ ಸಮನಾಗಿ ಹಿಡಿಯುತ್ತದೆ. ಆದರೆ ಸ್ಪಿರಿಟ್ ಬೇಗ ಹೊತ್ತಿಕೊಳ್ಳುವ ವಸ್ತು. ಅದನ್ನು ಬಳಸುವುದಾದರೆ ಶಿಕ್ಷಕರೇ, ಬಿಸಿಯೂಟದ ಒಲೆಯಿಂದ ದೂರ, ಕಿಟಕಿ ತೆರೆದಿಟ್ಟು ಮಾಡಬೇಕು. ಬಳಿದ ಹಾಳೆಗಳು ಒಣಗಬೇಕಾದದ್ದು ನೆರಳಿನಲ್ಲಿ. ಬಿಸಿಲಿನಲ್ಲಿಟ್ಟರೆ ಕರ್ಕ್ಯುಮಿನ್ ಬೆಳಕಿಗೆ ಹಾಳಾಗಿ ಪಟ್ಟಿ ಪೇಲವವಾಗುತ್ತದೆ. ಅಂಗಿಯ ಕಲೆ ಬಿಸಿಲಿನಲ್ಲಿ ಮಾಸುವುದಕ್ಕೂ ಕಾರಣ ಅದೇ.

ಇನ್ನು ಕಾಗದ. ಇಂಥ ಶಾಲೆಯಿಂದ ಹೋಗಬೇಕಾದ ಕಾಗದ ಹೀಗಿದ್ದರೆ ಚೆನ್ನ ಎಂಬುದು ನನ್ನ ಅಭಿಪ್ರಾಯ.

‘ಮನೆಯವರಿಗೆಲ್ಲ ನಮಸ್ಕಾರ.

ಇದು ದುಡ್ಡಿನ ಕಾಗದ ಅಲ್ಲ. ದೂರಿನ ಕಾಗದವೂ ಅಲ್ಲ. ನಿಮ್ಮನ್ನು ಶಾಲೆಗೆ ಕರೆಯುವ ಕಾಗದ.

ಫೆಬ್ರವರಿ 28, ಶನಿವಾರ ಬೆಳಿಗ್ಗೆ 10 ಗಂಟೆಗೆ ಶಾಲೆಗೆ ಬನ್ನಿ. ಮಕ್ಕಳ ಜೊತೆ ಕೂತು ನೀವೂ ಪ್ರಯೋಗ ಮಾಡಬೇಕು. 12 ಗಂಟೆಯ ಒಳಗೆ ಮುಗಿಯುತ್ತದೆ. ಭಾಷಣ ಇರುವುದಿಲ್ಲ. ಯಾರನ್ನೂ ಪ್ರಶ್ನೆ ಕೇಳಿ ಪರೀಕ್ಷೆ ಮಾಡುವುದಿಲ್ಲ.

ಅಪ್ಪ ಅಮ್ಮನಿಗೆ ಬಿಡುವಿಲ್ಲದಿದ್ದರೆ ಅಜ್ಜಿ, ತಾತ, ಅಕ್ಕ, ಚಿಕ್ಕಪ್ಪ, ಅತ್ತೆ ಯಾರು ಬಂದರೂ ಸರಿ. ಓದು ಬರಹ ಬರಬೇಕೆಂದಿಲ್ಲ. ಪುಟ್ಟ ಮಕ್ಕಳನ್ನೂ ಕರೆತನ್ನಿ.

ಮೊದಲ ಪ್ರಯೋಗ ಇವತ್ತೇ ಮನೆಯಲ್ಲಿ ಮಾಡಿ. ಕೆಳಗೆ ಎರಡು ಹಳದಿ ಪಟ್ಟಿ ಇವೆ. ಒಂದರ ಮೇಲೆ ಸೋಪು ನೀರು ಮುಟ್ಟಿಸಿ ನೋಡಿ. ಅದೇ ಜಾಗಕ್ಕೆ ನಿಂಬೆಹುಳಿ ಹಿಂಡಿ ನೋಡಿ. ಎರಡನೇ ಪಟ್ಟಿಯ ಮೇಲೆ ನಿಮ್ಮ ಮನೆಯ ಬೇರೆ ಯಾವುದಾದರೂ ವಸ್ತು ಪರೀಕ್ಷಿಸಿ. ಯಾವುದು ಎಂದು ನೀವೇ ಯೋಚಿಸಿ. ಆ್ಯಸಿಡ್, ಫಿನಾಯಿಲ್, ಬ್ಲೀಚಿಂಗ್ ಪುಡಿ ಮಾತ್ರ ಬೇಡ. ಮಕ್ಕಳು ಸುಣ್ಣ ಮುಟ್ಟುವುದು ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ.

ಶನಿವಾರ ಬರುವಾಗ ಒಂದು ಸ್ಟೀಲ್ ಚಮಚ ತನ್ನಿ. ಮನೆಯಲ್ಲಿದ್ದರೆ ಒಂದು ಹಿಡಿ ಹುಣಸೆ ಬೀಜ ತನ್ನಿ. ಬೇರೇನೂ ಬೇಡ.

ಕೆಳಗಿನ ಚೀಟಿ ಹರಿದು ಬುಧವಾರದೊಳಗೆ ಮಗುವಿನ ಕೈಯಲ್ಲಿ ಕಳಿಸಿ.’

ಚೀಟಿಯಲ್ಲಿ ನಾಲ್ಕೇ ಸಾಲು ಇರುತ್ತದೆ. ಮಗುವಿನ ಹೆಸರು. ಎಷ್ಟು ಜನ ಬರುತ್ತೀರಿ. ಎರಡನೇ ಪಟ್ಟಿಯ ಮೇಲೆ ಏನು ಹಾಕಿದಿರಿ, ಬಣ್ಣ ಏನಾಯಿತು. ಕೊನೆಗೆ, ನಿಮ್ಮ ಮಗುವಿನ ಫೋಟೊ ತೆಗೆದು ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕಬಹುದೇ, ಬೇಡವೇ.

ಈ ಕಾಗದದ ವಾಕ್ಯಗಳು ಇಷ್ಟು ಚಿಕ್ಕದಾಗಿರುವುದು ಏಕೆಂದರೆ ಅನೇಕ ಮನೆಗಳಲ್ಲಿ ಇದನ್ನು ಗಟ್ಟಿಯಾಗಿ ಓದುವವರು ಮಕ್ಕಳೇ. ಮೂರನೇ ತರಗತಿಯ ಹುಡುಗಿ ಎಡವದೆ ಓದುವಂತಿದ್ದರೆ ಮಾತ್ರ ಕಾಗದ ಆ ಮನೆಯ ಒಳಗೆ ಹೋಗುತ್ತದೆ. ‘ಹಮ್ಮಿಕೊಳ್ಳಲಾಗಿದೆ’, ‘ಸದರಿ’, ‘ತಮ್ಮ ಅವಗಾಹನೆಗೆ’ ಎಂಬ ಮಾತುಗಳು ಇಲ್ಲಿಲ್ಲದ್ದು ಅದಕ್ಕಾಗಿಯೇ. ಕಳಿಸುವ ಮೊದಲು ಮೂರನೇ ತರಗತಿಯ ಇಬ್ಬರು ಮಕ್ಕಳಿಂದ ಓದಿಸಿ, ಅವರು ಎಲ್ಲಿ ನಿಂತರೋ ಆ ಪದವನ್ನು ಬದಲಿಸಬೇಕು. ಮನೆಯ ಮಾತು ಉರ್ದು, ತೆಲುಗು, ಲಂಬಾಣಿ ಆಗಿರುವ ಮಕ್ಕಳಿಗೂ ಇದು ಅನುಕೂಲ. ತಮಗೆ ಅರ್ಥವಾದದ್ದನ್ನು ಅವರು ತಮ್ಮ ಮಾತಿನಲ್ಲಿ ಮನೆಯವರಿಗೆ ಹೇಳಬಲ್ಲರು. ಇನ್ನೊಂದು ದಾರಿ ಎಸ್‌ಡಿಎಂಸಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಯ ಈ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಆ ತಾಯಂದಿರಿಗೆ ಮೊದಲೇ ಪಟ್ಟಿ ಕೊಟ್ಟು ತೋರಿಸಿದರೆ ನೀರಿನ ಟ್ಯಾಂಕಿನ ಹತ್ತಿರ, ಡೇರಿಯ ಹತ್ತಿರ ವಿಷಯ ತಾನಾಗಿ ಹರಡುತ್ತದೆ. ವಾಟ್ಸಾಪ್‌ನಲ್ಲಿ ಕಾಗದದ ಫೋಟೊ ಹಾಕುವುದರಲ್ಲಿ ತಪ್ಪಿಲ್ಲ, ಆದರೆ ಅರಿಸಿನದ ಪಟ್ಟಿ ಫೋನಿನೊಳಗೆ ಹೋಗುವುದಿಲ್ಲವಲ್ಲ.

ದಿನ ಯಾವುದು ಎಂಬುದನ್ನು ಊರು ನೋಡಿ ತೀರ್ಮಾನಿಸಬೇಕು. ಸಿ.ವಿ. ರಾಮನ್ ತಮ್ಮ ಹೆಸರಿನ ಪರಿಣಾಮವನ್ನು 1928ರ ಫೆಬ್ರವರಿ 28ರಂದು ಕಂಡುಹಿಡಿದರೆಂದು 1987ರಿಂದ ಆ ದಿನವನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುತ್ತಾರೆ. ಅದು ಶನಿವಾರ ಬಿದ್ದರೆ ಒಳ್ಳೆಯದು, ಬೆಳಗಿನ ಶಾಲೆ ಇರುತ್ತದೆ. ಬೇರೆ ವಾರ ಬಿದ್ದರೆ ಅದರ ಹಿಂದುಮುಂದಿನ ಒಂದು ದಿನಕ್ಕೆ ಹಾಕಿಕೊಂಡರೆ ನಷ್ಟವೇನಿಲ್ಲ. ಎತ್ತು ಕಟ್ಟದ ಸೋಮವಾರ ಅಥವಾ ಅಮಾವಾಸ್ಯೆ ಕೆಲವು ಊರುಗಳಲ್ಲಿ ಬಿಡುವಿನ ದಿನ. ಸಂತೆಯ ದಿನ ಮಾತ್ರ ಬೇಡವೇ ಬೇಡ. ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು ಹೆಚ್ಚಿರುವ ಊರಾದರೆ ಶನಿವಾರವೂ ಅವರಿಗೆ ಕೆಲಸವಿರುತ್ತದೆ, ಭಾನುವಾರವೇ ಗತಿ. ಮುಗಿಯುವ ಹೊತ್ತನ್ನು ಕಾಗದದಲ್ಲಿ ಬರೆಯುವುದು ಬಹಳ ಮುಖ್ಯ. ಶುರುವಾಗುವ ಹೊತ್ತನ್ನು ಎಲ್ಲರೂ ಬರೆಯುತ್ತಾರೆ, ಮುಗಿಯುವ ಹೊತ್ತನ್ನು ಯಾರೂ ಬರೆಯುವುದಿಲ್ಲ. ಹನ್ನೆರಡರೊಳಗೆ ಮುಗಿಯುತ್ತದೆ ಎಂದು ತಿಳಿದರೆ ಅರ್ಧ ದಿನದ ಕೂಲಿಗಾದರೂ ಹೋಗಬಹುದು ಎಂಬ ಲೆಕ್ಕ ಹಾಕಿ ಜನ ಬರುತ್ತಾರೆ. ಬರೆದ ಮೇಲೆ ಹನ್ನೆರಡಕ್ಕೆ ಮುಗಿಸಲೇಬೇಕು.

ಬುಧವಾರ ಚೀಟಿಗಳು ವಾಪಸ್ ಬರತೊಡಗಿದಾಗ ನಿಜವಾದ ವಿಜ್ಞಾನ ಶುರುವಾಗುತ್ತದೆ. ಶಿಕ್ಷಕರು ಒಂದು ದೊಡ್ಡ ಚಾರ್ಟ್ ಹಾಳೆಯ ಮೇಲೆ ಎರಡು ಕಲಂ ಎಳೆದು, ಕೆಂಪಾದವು ಒಂದು ಕಡೆ, ಆಗದವು ಇನ್ನೊಂದು ಕಡೆ ಬರೆಯುತ್ತಾ ಹೋಗಬೇಕು. ಬಟ್ಟೆ ಸೋಪು, ಬಟ್ಟೆ ಪುಡಿ, ಒಲೆಯ ಬೂದಿ ಕಲಸಿದ ನೀರು ಕೆಂಪಿನ ಕಡೆ ಸೇರುತ್ತವೆ. ಮಜ್ಜಿಗೆ, ಹುಣಸೆ ನೀರು, ಟೊಮೆಟೊ, ಸಕ್ಕರೆ ನೀರು, ಹಾಲು ಇನ್ನೊಂದು ಕಡೆ. ಇಷ್ಟರವರೆಗೆ ಎಲ್ಲ ಸರಿ. ಸ್ವಲ್ಪ ಹೊತ್ತಿಗೆ ಜಗಳದ ಚೀಟಿಗಳು ಬರುತ್ತವೆ. ಒಬ್ಬರ ಮನೆಯಲ್ಲಿ ಟೂತ್‌ಪೇಸ್ಟಿಗೆ ಪಟ್ಟಿ ಕೆಂಪಾಗಿದೆ, ಇನ್ನೊಬ್ಬರ ಮನೆಯಲ್ಲಿ ಆಗಿಲ್ಲ. ಅಡುಗೆ ಸೋಡಾ ಹಾಕಿದವರು ‘ಕೆಂಪೂ ಅಲ್ಲ, ಹಳದಿಯೂ ಅಲ್ಲ, ಕಿತ್ತಳೆ’ ಎಂದು ಬರೆದಿದ್ದಾರೆ. ಶಾಂಪೂ ಹಾಕಿದವರು ‘ಸೋಪಿನ ಹಾಗೆ ನೊರೆ ಬರುತ್ತದೆ, ಆದರೂ ಕೆಂಪಾಗಲಿಲ್ಲ’ ಎಂದಿದ್ದಾರೆ.

ಈ ಚೀಟಿಗಳನ್ನು ತಪ್ಪು ಎಂದು ಬದಿಗಿಡುವ ಶಿಕ್ಷಕರನ್ನು ಕಂಡಿದ್ದೇನೆ. ಹಾಗೆ ಮಾಡಬಾರದು, ಶನಿವಾರದ ಮೇಜಿಗೆ ಬೇಕಾದ ಸರಕು ಇವೇ. ಸೋಪು ಮತ್ತು ಶಾಂಪೂ ಎರಡೂ ಕೊಳೆ ತೆಗೆದರೂ ಮಾಡುವ ಬಗೆ ಬೇರೆ. ಸೋಪನ್ನು ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿಸಿ ಮಾಡುತ್ತಾರೆ, ಹಾಗಾಗಿ ಅದರ ನೀರು ಕ್ಷಾರದ್ದೇ. ಈಗಿನ ಶಾಂಪೂಗಳನ್ನು ಕೂದಲಿಗೂ ಕಣ್ಣಿಗೂ ಉರಿಯಾಗದಂತೆ ಬೇರೆ ವಸ್ತುಗಳಿಂದ ತಯಾರಿಸಿ ಕ್ಷಾರವನ್ನು ತಗ್ಗಿಸಿರುತ್ತಾರೆ. ಎಳೆಮಕ್ಕಳಿಗೆಂದು ಮಾರುವ ಕೆಲವು ಮೈ ಸೋಪುಗಳೂ ಹೀಗೆಯೇ. ಟೂತ್‌ಪೇಸ್ಟಿನಲ್ಲಿ ಹಾಕುವ ವಸ್ತು ಒಂದೊಂದು ಕಂಪನಿಯದು ಒಂದೊಂದು ಥರ. ಅಡುಗೆ ಸೋಡಾದ ಕ್ಷಾರ ಬಲು ಸೌಮ್ಯ. ಅರಿಸಿನ ಬಣ್ಣ ಬದಲಿಸುವ ಗಡಿಯ ಹತ್ತಿರವೇ ಅದು ನಿಲ್ಲುತ್ತದೆ, ಆದ್ದರಿಂದ ಕಿತ್ತಳೆ. ಕಿತ್ತಳೆ ಎಂದು ಬರೆದ ಮಗು ಕಣ್ಣಿಟ್ಟು ನೋಡಿದೆ ಎಂದರ್ಥ.

ಹಾಗಿದ್ದರೂ ಕೆಲವು ಪಟ್ಟಿಗಳು ನಿಜವಾಗಿಯೇ ಕೆಟ್ಟಿರುತ್ತವೆ. ಬಿಸಿಲಿನಲ್ಲಿ ಒಣಗಿದ್ದಿರಬಹುದು, ಅರಿಸಿನ ತೆಳುವಾಗಿ ಕೂತಿರಬಹುದು, ಅಂಗಡಿಯ ಪುಡಿಯಲ್ಲಿ ಅರಿಸಿನಕ್ಕಿಂತ ಹಿಟ್ಟೇ ಹೆಚ್ಚಿರಬಹುದು. ಬಣ್ಣ ಬದಲಾಗದ್ದು ವಸ್ತುವಿನಿಂದಲೋ ಪಟ್ಟಿಯಿಂದಲೋ ಎಂದು ತಿಳಿಯುವುದು ಹೇಗೆ? ಇದಕ್ಕೊಂದು ಉಪಾಯವಿದೆ, ಇಡೀ ದಿನದಲ್ಲಿ ಮಕ್ಕಳು ಕಲಿಯಬಹುದಾದ ಅತ್ಯಂತ ಬೆಲೆಬಾಳುವ ಸಂಗತಿ ಅದೇ ಎಂದು ನನಗನ್ನಿಸುತ್ತದೆ. ಅದೇ ಪಟ್ಟಿಯ ಒಣಗಿದ ಇನ್ನೊಂದು ತುದಿಗೆ, ಖಂಡಿತ ಕೆಂಪಾಗುವುದೆಂದು ಮೊದಲೇ ಗೊತ್ತಿರುವ ಬಟ್ಟೆ ಸೋಪಿನ ನೀರು ಮುಟ್ಟಿಸಬೇಕು. ಅಲ್ಲಿ ಕೆಂಪಾದರೆ ಪಟ್ಟಿ ಸರಿಯಿದೆ, ಶಾಂಪೂ ಕ್ಷಾರವಲ್ಲ. ಅಲ್ಲೂ ಆಗದಿದ್ದರೆ ಪಟ್ಟಿಯನ್ನೇ ಬಿಸಾಕಿ ಹೊಸದು ತೆಗೆದುಕೊಳ್ಳಬೇಕು. ಇನ್ನೊಂದು ಎಚ್ಚರಿಕೆ: ಬಣ್ಣವನ್ನು ಒದ್ದೆಯಿರುವಾಗಲೇ ನೋಡಿ ಬರೆದುಕೊಳ್ಳಬೇಕು. ಕರ್ಕ್ಯುಮಿನ್ ಕ್ಷಾರದಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ, ಒಡೆದುಹೋಗುತ್ತದೆ. ಸೋಮವಾರ ಕೆಂಪಾದ ಪಟ್ಟಿ ಶನಿವಾರದ ಹೊತ್ತಿಗೆ ಮಂಕಾದ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಪಟ್ಟಿಯನ್ನೇ ತನ್ನಿ ಎನ್ನದೆ ಚೀಟಿ ಕಳಿಸಿ ಎಂದು ಕಾಗದದಲ್ಲಿ ಕೇಳಿದ್ದು ಅದಕ್ಕೇ.

ಚೀಟಿಗಳಿಂದ ಶಾಲೆಗೆ ಇನ್ನೊಂದು ಉಪಯೋಗವೂ ಇದೆ, ಎಷ್ಟು ಜನ ಬರುತ್ತಾರೆಂದು ತಿಳಿಯುತ್ತದೆ. 36 ಮನೆಗಳೂ ಬಂದರೆಂದು ಇಟ್ಟುಕೊಂಡು ಏರ್ಪಾಟು ಮಾಡುವುದು ಕ್ಷೇಮ. ಆರು ಜಾಗ, ಒಂದೊಂದು ಜಾಗದಲ್ಲಿ ಆರು ಮನೆಯವರು, ಕಾಲು ಗಂಟೆಗೊಮ್ಮೆ ಶಾಲೆಯ ಗಂಟೆ ಬಾರಿಸಿ ಮುಂದಿನ ಜಾಗಕ್ಕೆ. ಒಂದೂವರೆ ಗಂಟೆಯಲ್ಲಿ ಎಲ್ಲರೂ ಎಲ್ಲವನ್ನೂ ಮಾಡಿರುತ್ತಾರೆ. ಬಂದು ಸೇರುವುದಕ್ಕೆ, ಕೊನೆಯಲ್ಲಿ ಮಾತಾಡುವುದಕ್ಕೆ ಅರ್ಧ ಗಂಟೆ ಉಳಿಯುತ್ತದೆ. ಒಂದು ಜಾಗದಲ್ಲಿ ಅರಿಸಿನ. ಇನ್ನೊಂದರಲ್ಲಿ ಎರಡು ರೆಕ್ಕೆ ಕತ್ತರಿಸಿದ ಕಾಗದದ ಗಿರಗಿಟ್ಟೆ, ರೆಕ್ಕೆಯ ಉದ್ದ ಬದಲಿಸಿ ಯಾವುದು ನಿಧಾನ ಇಳಿಯುತ್ತದೆಂದು ನೋಡುವುದು. ಮತ್ತೊಂದರಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದು ಹನಿ ನೀರಿಟ್ಟು ಪೇಪರಿನ ಅಕ್ಷರ ದೊಡ್ಡದಾಗುವುದನ್ನು ಕಾಣುವುದು. ಮನೆಯಿಂದ ತಂದ ಚಮಚವನ್ನು ದಾರದ ನಡುವೆ ಕಟ್ಟಿ, ದಾರದ ಎರಡು ತುದಿಗಳನ್ನು ಬೆರಳಿಗೆ ಸುತ್ತಿ ಕಿವಿಗೆ ಒತ್ತಿಕೊಂಡು ಚಮಚವನ್ನು ಮೇಜಿಗೆ ತಾಗಿಸಿದರೆ ಗುಡಿಯ ಗಂಟೆಯ ನಾದ ಕೇಳುತ್ತದೆ. ಗಟ್ಟಿ ವಸ್ತುವಿನಲ್ಲಿ ಸದ್ದು ಗಾಳಿಯಲ್ಲಿಗಿಂತ ಚೆನ್ನಾಗಿ ಸಾಗುವುದರಿಂದ ಹಾಗೆ. ಅಂಗಳದಲ್ಲಿ ಒಂದು ಕೋಲು ನೆಟ್ಟು, ಪ್ರತಿ ತಂಡವೂ ನೆರಳಿನ ತುದಿಗೊಂದು ಕಲ್ಲಿಟ್ಟು ಹೋಗುವುದು. ಹನ್ನೊಂದೂವರೆಯ ಹೊತ್ತಿಗೆ ಆರು ಕಲ್ಲುಗಳ ಸಾಲು ನೋಡಿದರೆ ನೆರಳು ಗಿಡ್ಡವಾಗುತ್ತಾ ಪಕ್ಕಕ್ಕೂ ಸರಿದದ್ದು ಕಾಣುತ್ತದೆ.

ಆರನೆಯದು ದೋಣಿಯ ಬುಟ್ಟಿ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ದೊಡ್ಡವರು ಅತಿ ಹೆಚ್ಚು ಮೈಮರೆಯುವುದು ಇಲ್ಲಿ. ಗೇಣುದ್ದದ ಚೌಕಾಕಾರದ ಅಲ್ಯೂಮಿನಿಯಂ ಫಾಯಿಲ್ ಒಂದೊಂದು ಮನೆಗೆ. ಮೊದಲು ಅದನ್ನು ಬಿಗಿಯಾಗಿ ಉಂಡೆ ಕಟ್ಟಿ, ಕಲ್ಲಿನಿಂದ ಗುದ್ದಿ ಒಳಗಿನ ಗಾಳಿ ತೆಗೆದು ನೀರಿಗೆ ಹಾಕಿದರೆ ಮುಳುಗುತ್ತದೆ. ಅಷ್ಟೇ ದೊಡ್ಡ ಇನ್ನೊಂದು ಹಾಳೆಯ ಅಂಚು ಮಡಿಸಿ ದೋಣಿ ಮಾಡಿದರೆ ತೇಲುತ್ತದೆ. ತೂಕ ಒಂದೇ ಆದರೂ ದೋಣಿ ಹೆಚ್ಚು ನೀರನ್ನು ಪಕ್ಕಕ್ಕೆ ಸರಿಸುತ್ತದೆ, ಸರಿದ ನೀರಿನ ತೂಕದಷ್ಟು ಭಾರವನ್ನು ನೀರು ಎತ್ತಿಹಿಡಿಯುತ್ತದೆ. ಆಮೇಲೆ ಹುಣಸೆ ಬೀಜಗಳನ್ನು ಒಂದೊಂದಾಗಿ ಇಡುತ್ತಾ ಎಷ್ಟಕ್ಕೆ ಮುಳುಗಿತು ಎಂದು ಎಣಿಸಬೇಕು. ಎಲ್ಲರೂ ಅಂಚನ್ನು ಎತ್ತರ ಮಾಡಲು ಹೊರಡುತ್ತಾರೆ. ಅಂಚು ಎತ್ತರವಾದಷ್ಟೂ ತಳ ಕಿರಿದಾಗಿ ದೋಣಿ ಬೇಗ ವಾಲುತ್ತದೆ. ಬೀಜಗಳನ್ನು ಒಂದೇ ಮೂಲೆಗೆ ಸುರಿದವರ ದೋಣಿ ಅರ್ಧ ಭಾರಕ್ಕೇ ಮಗುಚುತ್ತದೆ. ಮುಳುಗಿದ್ದು ಭಾರಕ್ಕೋ ವಾಲಿದ್ದಕ್ಕೋ ಎಂದು ತಿಳಿಯಬೇಕಾದರೆ ಕೊನೆಯ ಕ್ಷಣವನ್ನು ಗಮನಿಸಬೇಕು. ಒಂದೇ ಕಡೆಯಿಂದ ನೀರು ನುಗ್ಗಿದರೆ ವಾಲಿದ್ದು. ಸುತ್ತ ಅಂಚಿನವರೆಗೆ ಸಮನಾಗಿ ಇಳಿದು ಮುಳುಗಿದರೆ ಭಾರ ಮುಗಿದದ್ದು. ಇಲ್ಲೇ ಒಂದು ಎಚ್ಚರಿಕೆಯೂ ಬೇಕು. ಬೀಜ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಕೂಸುಗಳನ್ನು ಈ ಮೇಜಿನಿಂದ ದೂರವಿಟ್ಟು ನೀರಹನಿಯ ಮೇಜಿನಲ್ಲಿ ಕೂರಿಸಬೇಕು.

ಇಬ್ಬರೇ ಶಿಕ್ಷಕರಿರುವಾಗ ಆರು ಜಾಗ ನೋಡಿಕೊಳ್ಳುವವರು ಯಾರು? ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳು ಇಬ್ಬಿಬ್ಬರಂತೆ ನಿಲ್ಲಬಹುದು, ಅವರ ಜೊತೆ ಒಬ್ಬೊಬ್ಬ ಎಸ್‌ಡಿಎಂಸಿ ಸದಸ್ಯರು. ನಿಂತ ಮಕ್ಕಳ ಮನೆಯವರು ಬಂದಾಗ ಅವರನ್ನು ಬಿಡಿಸಿ ಬೇರೆಯವರನ್ನು ನಿಲ್ಲಿಸುವುದನ್ನು ಮರೆಯಬಾರದು. ಆ ಮಕ್ಕಳಿಗೆ ಶುಕ್ರವಾರ ಒಂದು ಸಲ ತಾಲೀಮು ಕೊಡಬೇಕು. ತಾಲೀಮಿನಲ್ಲಿ ಕಲಿಸಬೇಕಾದದ್ದು ವಿವರಣೆಯನ್ನಲ್ಲ. ನಮ್ಮ ವಿಜ್ಞಾನ ವಸ್ತು ಪ್ರದರ್ಶನಗಳಲ್ಲಿ ಥರ್ಮೊಕೋಲಿನ ಜ್ವಾಲಾಮುಖಿಯ ಪಕ್ಕ ನಿಂತ ಮಗು ಉಸಿರು ಬಿಡದೆ ಕಂಠಪಾಠ ಒಪ್ಪಿಸುವುದನ್ನು ನೋಡಿ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ. ಇಲ್ಲಿ ಮಕ್ಕಳು ಕೇಳಬೇಕಾದದ್ದು ಎರಡೇ ಪ್ರಶ್ನೆ: ಏನಾಗುತ್ತೆ ಅಂತ ನಿಮಗನ್ನಿಸುತ್ತೆ? ಈಗ ಏನಾಯ್ತು? ಉತ್ತರ ಹೇಳುವ ಆಸೆಯನ್ನು ಅವರು ತಡೆದುಕೊಳ್ಳಬೇಕು, ಅದು ದೊಡ್ಡವರಿಗೂ ಕಷ್ಟ.

ದೊಡ್ಡವರಿಂದ ಆಗುವ ತೊಂದರೆಯೆಂದರೆ ಮಗುವಿನ ಕೈಯಿಂದ ಕಿತ್ತುಕೊಳ್ಳುವುದು. ‘ಕೊಡು ಇಲ್ಲಿ, ನಿನಗೆ ಬರಲ್ಲ’ ಎಂದು ಅಪ್ಪ ದೋಣಿ ಮಡಿಸಲು ಕೂತರೆ ಮಗ ಪಕ್ಕದಲ್ಲಿ ನಿಂತು ನೋಡುತ್ತಾನೆ. ಇದನ್ನು ಕಾಗದದಲ್ಲಿ ಬುದ್ಧಿಮಾತಾಗಿ ಬರೆದರೆ ಜನರಿಗೆ ಮುಜುಗರ. ಅದಕ್ಕಿಂತ ಒಂದೊಂದು ಮನೆಗೆ ಎರಡು ಫಾಯಿಲ್ ಹಾಳೆ ಕೊಟ್ಟು, ದೊಡ್ಡವರದ್ದೊಂದು ಮಗುವಿನದ್ದೊಂದು ದೋಣಿ ಮಾಡಿಸಿ, ಯಾವುದು ಹೆಚ್ಚು ಬೀಜ ಹೊರುತ್ತದೆಂದು ನೋಡುವುದು ಲೇಸು. ಅರಿಸಿನದ ಮೇಜಿನಲ್ಲಿ ಸುಣ್ಣ ಮಾತ್ರ ದೊಡ್ಡವರ ಕೈಯಲ್ಲೇ ಇರಲಿ. ಎಲೆ ಅಡಿಕೆಯ ಸುಣ್ಣ ನಮಗೆಲ್ಲ ರೂಢಿಯಾಗಿರುವುದರಿಂದ ಅದರ ಅಪಾಯ ಮರೆತುಹೋಗಿದೆ. ಕಣ್ಣಿಗೆ ಬಿದ್ದರೆ ಗಾಯವಾಗುತ್ತದೆ, ದೃಷ್ಟಿಗೇ ಕುತ್ತು ಬರಬಹುದು. ಅಕಸ್ಮಾತ್ ಬಿದ್ದರೆ ಉಜ್ಜದೆ ಹದಿನೈದು ಇಪ್ಪತ್ತು ನಿಮಿಷ ಶುದ್ಧ ನೀರು ಹಾಯಿಸುತ್ತಲೇ ಇದ್ದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಆ ಮೇಜಿನ ಪಕ್ಕ ಒಂದು ಬಿಂದಿಗೆ ನೀರು, ಒಬ್ಬ ಶಿಕ್ಷಕರು ಇರಲೇಬೇಕು.

ಖರ್ಚು ಹೆಚ್ಚಿಲ್ಲ. ಒಂದು ಸುರುಳಿ ಫಾಯಿಲ್, ಅರಿಸಿನ, ನಿಂಬೆಹಣ್ಣು, ದಾರ, ಚಾರ್ಟ್ ಹಾಳೆ, ಕಾಗದದ ಜೆರಾಕ್ಸ್. ಉಳಿದದ್ದೆಲ್ಲ ಶಾಲೆಯಲ್ಲೋ ಮನೆಗಳಲ್ಲೋ ಇರುವಂಥದ್ದೇ. ಮನೆಗಳಿಂದ ತರಿಸುವ ವಸ್ತುವಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಎಲ್ಲರ ಮನೆಯಲ್ಲೂ ಇರುವುದನ್ನಷ್ಟೇ ಕೇಳಬೇಕು. ಬಣ್ಣದ ಕಾಗದ, ಬ್ಯಾಟರಿ, ಭೂತಗನ್ನಡಿ ಎಂದು ಪಟ್ಟಿ ಕೊಟ್ಟರೆ ಅಂಗಡಿಗೆ ಹೋಗಲಾಗದ ಮನೆಯವರು ಶನಿವಾರ ಮಗುವಿಗೆ ಹೊಟ್ಟೆನೋವು ಎಂದು ಮನೆಯಲ್ಲೇ ಉಳಿಯುತ್ತಾರೆ.

ಕೊನೆಯ ಹತ್ತು ನಿಮಿಷ ಎಲ್ಲರೂ ಚಾರ್ಟ್ ಹಾಳೆಯ ಮುಂದೆ ಸೇರಲಿ. ಎರಡು ಕಲಮುಗಳಲ್ಲಿ ಎಲ್ಲೂ ಕೂರದ ವಸ್ತುಗಳನ್ನು ಎಲ್ಲರೆದುರು ಮತ್ತೆ ಪರೀಕ್ಷಿಸಿ, ಒಪ್ಪಿತವಾದ ಕಡೆ ಬರೆಯಲಿ. ಇನ್ನೂ ತೀರ್ಮಾನವಾಗದವುಗಳಿಗೆ ಮೂರನೇ ಕಲಂ ಎಳೆದು ಹಾಗೆಯೇ ಬಿಡಲಿ. ಆ ಹಾಳೆ ವರ್ಷಾಂತ್ಯದವರೆಗೆ ಗೋಡೆಯ ಮೇಲಿರಲಿ, ಅದರಲ್ಲಿ ಪ್ರತಿ ಮನೆಯ ಹೆಸರೂ ಇರುತ್ತದೆ.

ಈ ಕಾಗದವನ್ನು ಯಾವ ಶಾಲೆಯವರೂ ಹಾಗೆಯೇ ತೆಗೆದುಕೊಳ್ಳಬಹುದು, ತಮ್ಮ ಊರಿನ ಮಾತಿಗೆ ತಿದ್ದಿಕೊಂಡರೆ ಇನ್ನೂ ಒಳ್ಳೆಯದು. ಫೆಬ್ರವರಿ 28ಕ್ಕೆ ಮಾಡುವುದಾದರೆ ಎರಡನೇ ವಾರದಲ್ಲಿ ಪಟ್ಟಿ ಬಳಿದು ಒಣಗಿಸಿ, 20ರ ಸುಮಾರಿಗೆ ಕಾಗದ ಮನೆ ಸೇರುವಂತೆ ನೋಡಿಕೊಳ್ಳಿ. ಕಳಿಸುವ ಮೊದಲು ಪ್ರತಿ ಹಾಳೆಯಿಂದ ಒಂದು ಪಟ್ಟಿಯನ್ನು ಸೋಪು ನೀರಿಗೆ ಮುಟ್ಟಿಸಿ ಕೆಂಪಾಗುತ್ತದೆಯೇ ಎಂದು ನೋಡುವುದನ್ನು ದಯವಿಟ್ಟು ಮರೆಯಬೇಡಿ.